ಪೂರ್ವಜನ್ಮದ ‘ನೆನಪು’ ಸೆಷನ್‌ನಲ್ಲಿ ಹೇಗೆ ಹುಟ್ಟುತ್ತದೆ? ನಂಬುವವರು, ನಂಬದವರು ಅದನ್ನು ಬೇರೆ ಬೇರೆಯಾಗಿ ಓದುವುದೇಕೆ?

ಕಣ್ಣು ಮುಚ್ಚಿ ಮಲಗಿದ ವ್ಯಕ್ತಿಯೊಬ್ಬರು ಅಳುತ್ತ, ಹಿಂದಿನ ಜನ್ಮದಲ್ಲಿ ತಾವು ಸತ್ತದ್ದು ಹೇಗೆಂದು ಹೇಳುತ್ತಾರೆ. ಇಂಥ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. 2009ರಲ್ಲಿ ಹಿಂದಿ ವಾಹಿನಿಯೊಂದು ಇದನ್ನೇ ‘ರಾಜ್ ಪಿಛ್ಲೇ ಜನಮ್ ಕಾ’ ಎಂಬ ಕಾರ್ಯಕ್ರಮವಾಗಿ ತೋರಿಸಿತ್ತು. ಅಳುವವರು ನಟಿಸುತ್ತಿದ್ದಾರೆ ಎಂದು ಹೇಳಿಬಿಡುವುದು ಸುಲಭ. ಆದರೆ ಬಹಳಷ್ಟು ಸಲ ಅವರು ನಟಿಸುತ್ತಿರುವುದಿಲ್ಲ. ಕಣ್ಣೀರು ನಿಜವಾಗಿದ್ದೂ ನೆನಪು ನಿಜವಲ್ಲದೆ ಇರಬಹುದು. ಅದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಸೆಷನ್‌ನಲ್ಲಿ ನಡೆಯುವುದೇನು?

ಇದನ್ನು ‘ಪಾಸ್ಟ್ ಲೈಫ್ ರಿಗ್ರೆಷನ್’ ಎನ್ನುತ್ತಾರೆ. ಬಂದವರನ್ನು ಮಲಗಿಸಿ, ನಿಧಾನವಾಗಿ ಉಸಿರಾಡಿಸಿ, ಮೈ ಸಡಿಲಗೊಳಿಸುತ್ತಾರೆ. ಮೆಟ್ಟಿಲು ಇಳಿಯುತ್ತಿದ್ದೀರಿ, ಮುಂದೆ ಒಂದು ಬಾಗಿಲಿದೆ ಎಂದು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಬಾಗಿಲು ತೆರೆದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ: ಕಾಲ ಕಡೆ ನೋಡಿ, ಏನು ಹಾಕಿದ್ದೀರಿ? ಸುತ್ತ ಏನಿದೆ? ನಿಮ್ಮ ಹೆಸರೇನು? ಹೇಗೆ ಸತ್ತಿರಿ? ಅಲ್ಲಿರುವವರಲ್ಲಿ ಈ ಜನ್ಮದವರು ಯಾರಾದರೂ ಇದ್ದಾರೆಯೇ?

ಈ ಪ್ರಶ್ನೆಗಳನ್ನು ಗಮನಿಸಿ. ನಿಮಗೆ ಹಿಂದಿನ ಜನ್ಮ ಇತ್ತೇ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಇತ್ತು ಎಂದು ಮೊದಲೇ ಒಪ್ಪಿಕೊಂಡು, ಅದರ ವಿವರವನ್ನಷ್ಟೇ ಕೇಳುತ್ತಿದ್ದಾರೆ.

ಒಂದು ಉದಾಹರಣೆ: ಬೀದರ್ ಕೋಟೆಯ ಸಿಪಾಯಿ

ಇದು ಅರ್ಥವಾಗಲೆಂದು ನಾವೇ ಕಟ್ಟಿದ ಉದಾಹರಣೆ. ಔರಾದ್‌ನ ರೈತರೊಬ್ಬರಿಗೆ ನಿದ್ದೆ ಬರುತ್ತಿಲ್ಲ. ಭಾಲ್ಕಿಯಲ್ಲಿರುವ ಅಣ್ಣನ ಜೊತೆ ಹೊಲದ ಪಾಲಿನ ಜಗಳ ನಡೆದಿದೆ. ಯಾರೋ ಹೇಳಿದರೆಂದು ಅವರು ಇಂಥ ಸೆಷನ್‌ಗೆ ಹೋಗುತ್ತಾರೆ.

‘ಕಾಲ ಕಡೆ ನೋಡಿ’ ಎಂದಾಗ ಅವರಿಗೆ ಚರ್ಮದ ಜೋಡು ಕಾಣುತ್ತದೆ. ‘ಸುತ್ತ ಏನಿದೆ’ ಎಂದಾಗ ಕೆಂಪು ಕಲ್ಲಿನ ಕೋಟೆ ಕಾಣುತ್ತದೆ. ಶಾಲೆಯಲ್ಲಿದ್ದಾಗ ಪ್ರವಾಸದಲ್ಲಿ ನೋಡಿದ್ದ ಬೀದರ್ ಕೋಟೆಯೇ ಅದು. ಆದರೆ ಆ ಪ್ರವಾಸ ಈಗ ನೆನಪಿಗೆ ಬರುವುದಿಲ್ಲ, ಚಿತ್ರ ಮಾತ್ರ ಬರುತ್ತದೆ. ಟಿವಿ ಧಾರಾವಾಹಿಯ ಸೈನಿಕರು ಅದರೊಳಗೆ ಸೇರಿಕೊಳ್ಳುತ್ತಾರೆ. ತಾನು ಬಹಮನಿ ಸುಲ್ತಾನರ ಸಿಪಾಯಿ, ಮಹಮೂದ್ ಗಾವಾನ್‌ನನ್ನು ಕಣ್ಣಾರೆ ಕಂಡವನು ಎನ್ನುತ್ತಾರೆ. ‘ನಿಮ್ಮನ್ನು ಕೊಂದವರು ಈ ಜನ್ಮದಲ್ಲಿ ಯಾರು’ ಎಂದು ಕೇಳಿದಾಗ ಅಣ್ಣನ ಮುಖ ಕಾಣುತ್ತದೆ. ಮನಸ್ಸಿನಲ್ಲಿ ಮೊದಲೇ ಇದ್ದ ಸಿಟ್ಟಿಗೆ ಒಂದು ಜಾಗ ಸಿಕ್ಕಿತು.

ನಮ್ಮ ನೆನಪು ಮೊಬೈಲ್‌ನಲ್ಲಿ ಸೇವ್ ಆದ ವಿಡಿಯೋದಂತೆ ಇರುವುದಿಲ್ಲ. ಪ್ರತಿ ಸಲ ನೆನೆಯುವಾಗಲೂ ಮೆದುಳು ತುಣುಕುಗಳನ್ನು ಕೂಡಿಸಿ ಅದನ್ನು ಹೊಸದಾಗಿ ಕಟ್ಟುತ್ತದೆ. ಚಿತ್ರ ಉಳಿದು, ಅದನ್ನು ಎಲ್ಲಿ ನೋಡಿದೆವು ಎಂಬುದು ಮರೆತುಹೋಗುವುದು ಸಾಮಾನ್ಯ. ಸಮ್ಮೋಹನದಲ್ಲಿ ಚಿತ್ರಗಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ, ಅವು ನಿಜವೆಂಬ ಭರವಸೆಯೂ ಹೆಚ್ಚುತ್ತದೆ. ಆದರೆ ಅವು ಸರಿಯಾಗಿರುವ ಸಾಧ್ಯತೆ ಅದರಿಂದ ಹೆಚ್ಚುವುದಿಲ್ಲ. ಮನೆಗೆ ಬಂದು ನಾಲ್ಕು ಜನರಿಗೆ ಹೇಳಿದ ಮೇಲೆ ಕಥೆ ಇನ್ನೂ ಗಟ್ಟಿಯಾಗುತ್ತದೆ.

ಇದನ್ನು ಪರೀಕ್ಷಿಸುವುದು ಹೇಗೆ? ಆ ಸಿಪಾಯಿ, ‘ಗಾವಾನನ ಮದರಸಾ ನೋಡಿದೆ, ಅದಕ್ಕೆ ಒಂದೇ ಮಿನಾರು ಇತ್ತು’ ಎಂದರೆನ್ನಿ. ಮದರಸಾ ಕಟ್ಟಿದ್ದು 1472ರಲ್ಲಿ, ಆಗ ಅದರ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. ಗಾವಾನ್ ಸತ್ತದ್ದು 1481ರಲ್ಲಿ. ಮದ್ದು ಸಿಡಿದು ಕಟ್ಟಡದ ಒಂದು ಭಾಗ ಬಿದ್ದದ್ದು 17ನೇ ಶತಮಾನದ ಕೊನೆಯಲ್ಲಿ, ಅಂದರೆ ಅವನು ಸತ್ತು ಇನ್ನೂರಕ್ಕೂ ಹೆಚ್ಚು ವರ್ಷದ ಮೇಲೆ. ಹಾಗಾದರೆ ಆ ಸಿಪಾಯಿ ನೋಡಿದ್ದು ಬಹಮನಿ ಕಾಲದ ಬೀದರ್ ಅಲ್ಲ, ಇಂದಿನ ಬೀದರ್.

ಮೊದಲು ಹೇಳಿದ ಮಾತೇ ಫಲಿತಾಂಶ ಬದಲಿಸುತ್ತದೆಯೇ?

ಹೌದು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬೇಕರ್ 1982ರಲ್ಲಿ 60 ವಿದ್ಯಾರ್ಥಿಗಳನ್ನು ತಲಾ 20 ಜನರ ಮೂರು ಗುಂಪು ಮಾಡಿ ಸಮ್ಮೋಹನಕ್ಕೆ ಒಳಪಡಿಸಿದರು. ಮೊದಲ ಗುಂಪಿಗೆ ಇದೊಂದು ರೋಮಾಂಚಕ ಹೊಸ ಚಿಕಿತ್ಸೆ ಎಂದು ಹೊಗಳಿ ಹೇಳಲಾಗಿತ್ತು. ಅವರಲ್ಲಿ 17 ಜನರಿಗೆ ಹಿಂದಿನ ಜನ್ಮ ‘ಕಂಡಿತು’. ಎರಡನೇ ಗುಂಪಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಅಲ್ಲಿ 12 ಜನರಿಗೆ ಕಂಡಿತು. ಇದೆಲ್ಲ ಹುಚ್ಚಾಟ ಎಂದು ಗೇಲಿ ಮಾಡಿ ಹೇಳಿದ ಮೂರನೇ ಗುಂಪಿನಲ್ಲಿ ಕಂಡದ್ದು ಇಬ್ಬರಿಗೆ ಮಾತ್ರ. ಸಮ್ಮೋಹನ ಮೂವರಿಗೂ ಒಂದೇ, ಬದಲಾದದ್ದು ಆರಂಭದಲ್ಲಿ ಹೇಳಿದ ಮಾತು.

ಒಂದೇ ಪ್ರಕರಣ, ಎರಡು ಓದು

ಜಗತ್ತಿನಲ್ಲಿ ಹೆಚ್ಚು ಚರ್ಚೆಯಾದ ಪ್ರಕರಣ ಅಮೆರಿಕದ ವರ್ಜೀನಿಯಾ ಟೈ ಎಂಬ ಮಹಿಳೆಯದು. 1952ರಲ್ಲಿ ಸಮ್ಮೋಹನಕ್ಕೆ ಒಳಗಾದ ಆಕೆ, ತಾನು 1798ರಲ್ಲಿ ಐರ್ಲೆಂಡ್‌ನಲ್ಲಿ ಹುಟ್ಟಿ 1864ರಲ್ಲಿ ತೀರಿಕೊಂಡ ಬ್ರೈಡಿ ಮರ್ಫಿ ಎಂದಳು. ಬೆಲ್‌ಫಾಸ್ಟ್ ಊರಿನ ಇಬ್ಬರು ದಿನಸಿ ಅಂಗಡಿಯವರ ಹೆಸರನ್ನೂ ಹೇಳಿದಳು. ಹಳೆಯ ದಾಖಲೆಯಲ್ಲಿ ಆ ಇಬ್ಬರ ಹೆಸರು ಸಿಕ್ಕಿತು.

ನಂಬುವವರು ಹಿಡಿದದ್ದು ಇದನ್ನು. ಅಮೆರಿಕ ಬಿಟ್ಟು ಹೋಗದವಳಿಗೆ ಆ ಹೆಸರು ಗೊತ್ತಾದದ್ದು ಹೇಗೆ ಎಂದು ಕೇಳಿದರು. ವಿಮರ್ಶಕರು ಹಿಡಿದದ್ದು ಬೇರೆ ಎಳೆಯನ್ನು. ಬ್ರೈಡಿಯ ಹುಟ್ಟು, ಮದುವೆ, ಸಾವಿನ ದಾಖಲೆ ಸಿಗಲೇ ಇಲ್ಲ. ಆದರೆ ವರ್ಜೀನಿಯಾ ಬಾಲ್ಯ ಕಳೆದ ಶಿಕಾಗೋದಲ್ಲಿ, ಎದುರು ಮನೆಯಲ್ಲೇ ಬ್ರೈಡಿ ಎಂಬ ಐರಿಶ್ ಮಹಿಳೆ ಇದ್ದರೆಂದು ಪತ್ರಿಕೆಯೊಂದು 1956ರಲ್ಲಿ ವರದಿ ಮಾಡಿತು. ಆ ವರದಿ ಪೂರ್ತಿ ನಂಬುವಂಥದ್ದಲ್ಲ ಎಂದು ಬೆಂಬಲಿಗರು ವಾದಿಸಿದರು.

ಅಂದರೆ ಒಬ್ಬರು ತಾಳೆಯಾದದ್ದನ್ನು ಎಣಿಸುತ್ತಾರೆ. ಇನ್ನೊಬ್ಬರು ತಾಳೆಯಾಗದ್ದನ್ನೂ ಎಣಿಸಿ, ಇದು ಈ ಜನ್ಮದಲ್ಲೇ ಕಿವಿಗೆ ಬಿದ್ದಿರಬಹುದೇ ಎಂದು ಕೇಳುತ್ತಾರೆ. ಸೆಷನ್‌ನಿಂದ ಮನಸ್ಸು ಹಗುರಾಯಿತು ಎನ್ನುವವರಿಗೆ ಆ ನೆಮ್ಮದಿಯೇ ಸಾಕ್ಷಿ. ಆದರೆ ಆರಾಮಾಗಿ ಮಲಗಿ, ಯಾರೋ ಒಬ್ಬರ ಮುಂದೆ ದುಃಖ ಹೇಳಿಕೊಂಡರೂ ಮನಸ್ಸು ಹಗುರಾಗುತ್ತದೆ. ‘ಉಪಯೋಗವಾಯಿತೇ’, ‘ನಿಜವಾಗಿ ನಡೆಯಿತೇ’ ಇವು ಎರಡು ಬೇರೆ ಪ್ರಶ್ನೆಗಳು.

ಪುನರ್ಜನ್ಮದ ನಂಬಿಕೆಯೂ ಈ ಸೆಷನ್‌ಗಳೂ ಒಂದೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ ಪುನರ್ಜನ್ಮದ ಹೇಳಿಕೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ನೋಡಿದ್ದು ಸಮ್ಮೋಹನವಿಲ್ಲದೆ, ತಾವಾಗಿ ಮಾತನಾಡುವ ಚಿಕ್ಕ ಮಕ್ಕಳ ಪ್ರಕರಣಗಳನ್ನು. ದಕ್ಷಿಣ ಭಾರತದಲ್ಲಿ ಇಂಥ ವರದಿಗಳು ಉತ್ತರಕ್ಕಿಂತ ತೀರ ಕಡಿಮೆ ಏಕೆ ಎಂಬುದನ್ನೂ ಅವರು ಪರಿಶೀಲಿಸಿದ್ದಾರೆ. ಆ ಮಕ್ಕಳ ಪ್ರಕರಣಗಳ ಚರ್ಚೆಯೇ ಬೇರೆ. ಅದನ್ನು ತೋರಿಸಿ, ಸೆಷನ್‌ನಲ್ಲಿ ಕಂಡದ್ದೂ ಸಾಬೀತಾಗಿದೆ ಎನ್ನಲಾಗದು.

ಫಾರ್ವರ್ಡ್ ಮಾಡುವ ಮುನ್ನ

ವಿಡಿಯೋ ಬಂದರೆ ಮೂರು ಸಂಗತಿ ನೋಡಿ. ವಿವರಗಳನ್ನು ದಾಖಲೆ ಹುಡುಕುವ ಮೊದಲೇ ಬರೆದಿಟ್ಟಿದ್ದರೇ? ಪುಸ್ತಕ, ಸಿನಿಮಾ, ಪ್ರವಾಸದಿಂದ ಅವು ಗೊತ್ತಾಗಿರಲು ಸಾಧ್ಯವೇ? ತಪ್ಪಾದ ಉತ್ತರಗಳನ್ನೂ ತೋರಿಸಿದ್ದಾರೆಯೇ? ಅಳು, ನಡುಕ, ಬದಲಾದ ದನಿ ಇವು ಯಾವ ಪ್ರಶ್ನೆಗೂ ಉತ್ತರವಲ್ಲ.

ಔರಾದ್‌ನ ಆ ರೈತರ ಮಾತಿಗೆ ಮತ್ತೆ ಬಂದರೆ, ಕೋಟೆಯ ಕಥೆಯಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಅಣ್ಣನೇ ಹಿಂದಿನ ಜನ್ಮದ ಕೊಲೆಗಾರ ಎಂಬ ‘ನೆನಪು’ ಮನೆಗೆ ಬಂದರೆ, ಮಾತಾಡಿ ಬಗೆಹರಿಯಬಹುದಾಗಿದ್ದ ಪಾಲಿನ ಜಗಳ ಇನ್ನು ಬಗೆಹರಿಯುವುದು ಕಷ್ಟ. ಅಷ್ಟರಲ್ಲಿ ನಿದ್ದೆ ಬಾರದಿರುವುದಕ್ಕೆ ಆಗಬೇಕಾದ ಚಿಕಿತ್ಸೆಯೂ ತಡವಾಗುತ್ತದೆ. ನಿದ್ದೆಯಿಲ್ಲದಿರುವುದು, ಕಾರಣವಿಲ್ಲದ ಭಯ, ಸಾಯಬೇಕೆಂಬ ಯೋಚನೆ ಇದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.