ಮಧುಗಿರಿ ಬೋರ್ಡಿನಲ್ಲಿ ‘ರಿ’ ಹೋಗಿ ‘ಎ’ ಬಂದ ಕಥೆ

ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ನನಗೆ ಬೋರ್ಡು ಓದುವ ಚಟ. ಬಣ್ಣದ ಡಬ್ಬ, ಬ್ರಷ್ಷು ಹಿಡಿದು ಬರೆಯುತ್ತಿದ್ದವರ ಕಾಲದಲ್ಲಿ ಒಂದಿಷ್ಟು ಕಾಗುಣಿತ ತಪ್ಪಿರುತ್ತಿತ್ತು, ನಿಜ. ಆದರೆ ಅಕ್ಷರ ಅಕ್ಷರವಾಗಿಯೇ ಇರುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಹೊಸ ಬಗೆಯ ತಪ್ಪು ಶುರುವಾಯಿತು: ಯಾವ ಮನುಷ್ಯನ ಕೈಯೂ ಬರೆಯಲಾರದ ತಪ್ಪು.

ನಮ್ಮ ಪರಿಚಯದವರ ಅಂಗಡಿ ಪೂಜೆಗೆ ಹಿಂದಿನ ರಾತ್ರಿ ಬೋರ್ಡು ಬಂತು. ಬೆಳಿಗ್ಗೆ ಎಲ್ಲರೂ ತಲೆಯೆತ್ತಿ ನೋಡಿದರೆ, ಊರ ಹೆಸರಿನ ನಡುವೆ ಏನೋ ಗೋಜಲು, ಕೊನೆಯಲ್ಲಿ ‘ಗಿರಿ’ ಬದಲು ‘ಗಿಎ’! ಪಾಪ, ಅವರು ಮತ್ತೆ ದುಡ್ಡು ಕೊಟ್ಟು ಇನ್ನೊಂದು ಮಾಡಿಸಿದರು. ಬರೆದುಕೊಟ್ಟ ಚೀಟಿ ಸರಿಯಾಗಿಯೇ ಇತ್ತು. ಮತ್ತೆ ಈ ‘ಎ’ ಎಲ್ಲಿಂದ ಬಂತು?

ಉತ್ತರ ಸ್ವಲ್ಪ ಹಳೆಯದು. ಡಿಟಿಪಿ ಬಂದ ದಿನಗಳಲ್ಲಿ ಗಣಕಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಇನ್ನೂರು ಚಿಲ್ಲರೆ ಮನೆಗಳು ಮಾತ್ರ. ನಮ್ಮವರು ಜಾಣತನದಿಂದ ಕನ್ನಡದ ಅಕ್ಷರಗಳನ್ನು ತುಂಡು ಮಾಡಿ ಅದೇ ಮನೆಗಳಲ್ಲಿ ಕೂರಿಸಿದರು. ನುಡಿ ಫಾಂಟಿನಲ್ಲಿ ಟೈಪಿಸಿದ ನಮ್ಮ ನಾಲ್ಕು ಊರುಗಳು ಗಣಕದ ಒಳಗೆ ಹೀಗಿರುತ್ತವೆ:

```
ªÀÄzsÀÄVj    ಮಧುಗಿರಿ
²gÁ          ಶಿರಾ
PÉÆgÀlUÉgÉ   ಕೊರಟಗೆರೆ
¥ÁªÀUÀqÀ     ಪಾವಗಡ
```

ಮೊದಲ ಸಾಲು ನೋಡಿ. `ª` ಎಂದರೆ ತಲೆಕಟ್ಟಿಲ್ಲದ ‘ವ’, `À` ತಲೆಕಟ್ಟು, `Ä` ಕೊಂಬು. ಮೂರೂ ಸೇರಿದರೆ ಕಣ್ಣಿಗೆ ‘ಮ’. ‘ಗಿ’ಗೆ `V`, ‘ರಿ’ಗೆ ಚಿಕ್ಕ `j`. ದೊಡ್ಡ `J` ಮನೆಯಲ್ಲಿರುವುದು ‘ಎ’. ಅಂಗಡಿ ಹೆಸರನ್ನು ಕೆಳಗೆ ಇಂಗ್ಲಿಷಿನಲ್ಲೂ ಹಾಕಿದ್ದರು. ಅದು ದೊಡ್ಡ ಅಕ್ಷರದಲ್ಲಿ ಬರಲಿ ಅಂತ ಹುಡುಗ ಎಲ್ಲವನ್ನೂ ಸೆಲೆಕ್ಟ್ ಮಾಡಿ ಒಂದು ಗುಂಡಿ ಒತ್ತಿದ. `j` ಹೋಗಿ `J` ಆಯಿತು. ಅಷ್ಟೇ!

ಇದನ್ನು ಸರಿ ಮಾಡಬಹುದೇ? ಫೋಟೋಶಾಪಿನ `All Caps` ಬರೀ ವೇಷ. ತೆಗೆದರೆ ಮೂಲ ಬರುತ್ತದೆ. ಕೋರೆಲ್‌ಡ್ರಾದ `UPPERCASE` ಹಾಗಲ್ಲ, ಅಕ್ಷರವನ್ನೇ ಬದಲಿಸುತ್ತದೆ. ‘ಗಿ’ಯ `V` ಮತ್ತು ‘ತ’ದ `v` ಎರಡೂ `V` ಆದ ಮೇಲೆ ಯಾವುದು ಯಾವುದೆಂದು ಯಾವ ತಂತ್ರಾಂಶವೂ ಹೇಳಲಾರದು. ಅಂಡೂ ಮಾಡಬೇಕು, ಇಲ್ಲವೇ ಮತ್ತೆ ಟೈಪಿಸಬೇಕು.

ಇಡೀ ಸಾಲೇ ಮೇಲಿನಂತೆ ಇಂಗ್ಲಿಷ್ ಮತ್ತು ಟೋಪಿ ಹಾಕಿದ ಅಕ್ಷರಗಳಾಗಿ ಕಂಡರೆ ಹೆದರಬೇಡಿ. ಯಾರೋ ಚಂದದ ಇಂಗ್ಲಿಷ್ ಫಾಂಟ್ ಹಚ್ಚಿದ್ದಾರೆ. ಫಾಂಟನ್ನು `Nudi 01 e`ಗೆ ಮರಳಿಸಿದರೆ ಕನ್ನಡ ವಾಪಸ್. ಅದೇ ಪಠ್ಯಕ್ಕೆ ನುಡಿಯ ಬೇರೆ ಫಾಂಟ್ ನಡೆಯುತ್ತದೆ. ಆದರೆ ಶ್ರೀಲಿಪಿಯದ್ದು ಬೇರೆಯೇ ಮನೆಗಳ ಪಟ್ಟಿ, ಹಚ್ಚಿದರೆ ಇನ್ನೊಂದು ಕಲಸುಮೇಲೋಗರ.

ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೂ ಬೋರ್ಡಿನವರು ನುಡಿ ಬಿಡಲಿಲ್ಲ. ಅವರ ತಪ್ಪೇನೂ ಅಲ್ಲ, ಆಗಿನ ಫೋಟೋಶಾಪು, ಕೋರೆಲ್‌ಡ್ರಾಗಳಿಗೆ ಕನ್ನಡ ಜೋಡಿಸಲು ಬರುತ್ತಿರಲಿಲ್ಲ. ‘ಶ್ರೀ’ ಎಂದು ಅಂಟಿಸಿದರೆ ಶ, ಹಲಂತ, ರ, ದೀರ್ಘ ಎಲ್ಲ ಬಿಡಿಬಿಡಿಯಾಗಿ ಬೀಳುತ್ತಿದ್ದವು. ಇದು ಎರಡನೇ ಕಾಯಿಲೆ: ಅಕ್ಷರ ಕನ್ನಡದ್ದೇ, ಆದರೆ ಒತ್ತು, ಗುಣಿತ ಚೆಲ್ಲಾಪಿಲ್ಲಿ. ಇದಕ್ಕೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಫೋಟೋಶಾಪಿನಲ್ಲಾದರೆ, `World-Ready Layout` ಆಯ್ಕೆ ಇರುವ ಆವೃತ್ತಿಯಲ್ಲಿ ಅದನ್ನು ಆರಿಸಬೇಕು. ಕೋರೆಲ್‌ಡ್ರಾ ಆದರೆ 2012ರ ಎಕ್ಸ್6 ಅಥವಾ ನಂತರದ್ದು ಬೇಕು. ಅಕ್ಷರದ ಬದಲು ಖಾಲಿ ಡಬ್ಬಿ ಕಂಡರೆ ಮಾತ್ರ ಫಾಂಟಿನಲ್ಲೇ ಕನ್ನಡ ಇಲ್ಲ ಎಂದರ್ಥ. `Baloo Tamma 2`ನಂಥ ಯುನಿಕೋಡ್ ಫಾಂಟ್ ಹಚ್ಚಿ, ಬೋರ್ಡಿಗೆ ದಪ್ಪಗೆ ಒಪ್ಪುತ್ತದೆ.

ಹಳೆಯ ನುಡಿ ಕಡತವನ್ನು ಯುನಿಕೋಡಿಗೆ ತರಲು ಪರಿವರ್ತಕಗಳಿವೆ. ಎರಡು ಕಡೆ ಮಾತ್ರ ಕಣ್ಣಿಡಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು. ಹಾಗಾಗಿ ‘ಕರ್ನಾಟಕ’ ಸರಿಯಾಗಿ ಬಂತೇ ನೋಡಿ. ಇನ್ನೊಂದು, ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದುಕೊಂಡು ಕೆಡಿಸುತ್ತದೆ. ಅವನ್ನು ಮೊದಲೇ ತೆಗೆದಿಡಿ.

ಫ್ಲೆಕ್ಸ್ ಅಂಗಡಿಗೆ ಹೋದಾಗ ನಾನು ಈಗ ಮಾಡುವುದಿಷ್ಟು. ಅಲಂಕಾರಕ್ಕೆ ಮುಂಚೆ ಸಾದಾ ಅಕ್ಷರದಲ್ಲಿ ಒಮ್ಮೆ ಓದುತ್ತೇನೆ. ಆಮೇಲೆ ಒಂದು ಪ್ರತಿ ಉಳಿಸಿ, ಇನ್ನೊಂದನ್ನು ಕೋರೆಲ್‌ಡ್ರಾದಲ್ಲಿ `Ctrl+Q` ಒತ್ತಿ ಚಿತ್ರರೇಖೆಗಳಾಗಿಸಲು ಹೇಳುತ್ತೇನೆ. ಆಮೇಲೆ ಎಳೆಯಲಿ, ಬಗ್ಗಿಸಲಿ, ನೆರಳು ಹಾಕಲಿ, ‘ರಿ’ ‘ರಿ’ಯಾಗಿಯೇ ಇರುತ್ತದೆ. ಆದರೆ ಕಾಗುಣಿತ ತಿದ್ದಲು ಆಗ ಆಗುವುದಿಲ್ಲ, ಅದಕ್ಕೇ ಆ ಮೊದಲ ಪ್ರತಿ.

ನಿಮ್ಮೂರಿನ ಬೋರ್ಡುಗಳಲ್ಲಿ ಇಂಥ ‘ಗಿಎ’ಗಳು ಸಿಕ್ಕಿವೆಯಾ? ಫೋಟೋ ಇದ್ದರೆ ತೋರಿಸಿ, ಯಾವ ಕಾಯಿಲೆ ಅಂತ ಸೇರಿ ನೋಡೋಣ.