ಬಾಣಕ್ಕೆ ಕಬ್ಬಿಣದ ಕೊಳವೆ: ಮೈಸೂರು ರಾಕೆಟ್ಟೂ ಫಿರಂಗಿಯ ಗುಂಡೂ



ನಾನು ವೃತ್ತಿಯಿಂದ ಮೆಕ್ಯಾನಿಕಲ್ ಎಂಜಿನಿಯರ್, ಇತಿಹಾಸ ನನ್ನ ಹವ್ಯಾಸ. ಟಿಪ್ಪುವಿನ ಹೆಸರು ಎತ್ತಿದ ಕೂಡಲೇ ನಮ್ಮ ಸಭೆಗಳು ಎರಡು ಪಾಲಾಗುತ್ತವೆ ಎಂಬುದು ನನಗೂ ಗೊತ್ತು. ಆ ಜಗಳವನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳೋಣ. ಈಗ ನಾನು ಮಾತಾಡುವುದು ಒಂದು ಗೇಣುದ್ದದ ಕಬ್ಬಿಣದ ಕೊಳವೆಯ ಬಗ್ಗೆ.

ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆ ಸುತ್ತಿ ಬರುವ ಒಂದು ಸಂದೇಶ ನಿಮಗೂ ಬಂದಿರಬಹುದು: ರಾಕೆಟ್ ಕಂಡುಹಿಡಿದದ್ದು ಮೈಸೂರಿನಲ್ಲಿ, ಅದು ಫಿರಂಗಿಗಿಂತ ಬಲವಾದ ಅಸ್ತ್ರ, ಬ್ರಿಟಿಷರು ಅದನ್ನು ನೋಡಿ ನಡುಗಿದರು ಎಂದು. ಇದರಲ್ಲಿ ಮೊದಲನೆಯದು ಸರಿಯಲ್ಲ. ರಾಕೆಟ್ ಚೀನಾದಲ್ಲಿ ಶತಮಾನಗಳ ಹಿಂದಿನಿಂದಲೇ ಇತ್ತು, ಭಾರತದ ಸೈನ್ಯಗಳಲ್ಲೂ ಹೈದರಾಲಿಗಿಂತ ಮೊದಲೇ ಇತ್ತು. ನಮ್ಮ ಮಾತಿನಲ್ಲೇ ಅದರ ಗುರುತು ಉಳಿದಿದೆ. ಜಾತ್ರೆಯ ಪಟಾಕಿಗೆ ನಾವು ಬಾಣಬಿರುಸು ಅನ್ನುತ್ತೇವೆ, ಬೆಂಗಳೂರಿನ ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಹೆಸರಿದೆ. ಮೈಸೂರಿನವರು ಮಾಡಿದ ಹೊಸ ಕೆಲಸ ಒಂದೇ. ಕಾಗದದ ಅಥವಾ ಬಿದಿರಿನ ಕೊಳವೆಯ ಬದಲು ಕಬ್ಬಿಣದ ಕೊಳವೆ ಹಾಕಿದರು. ಆ ಒಂದು ಬದಲಾವಣೆಯಿಂದ ಏನಾಯಿತು, ಏನಾಗಲಿಲ್ಲ ಎಂಬುದೇ ನನ್ನ ವಿಷಯ.

ಮದ್ದು ಉರಿಯುವ ರೀತಿಯಿಂದ ಶುರು ಮಾಡುತ್ತೇನೆ. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿಸಿದ ಕಪ್ಪು ಮದ್ದನ್ನು ಬಯಲಲ್ಲಿ ಸುರಿದು ಕಿಡಿ ಹಚ್ಚಿದರೆ ಬುಸ್ಸೆಂದು ಉರಿದು ಹೋಗುತ್ತದೆ. ಅದನ್ನೇ ಮುಚ್ಚಿದ ಜಾಗದಲ್ಲಿ ಉರಿಸಿದರೆ ಒಳಗೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಮದ್ದು ಇನ್ನೂ ಬೇಗ ಉರಿಯುತ್ತದೆ. ರಾಕೆಟ್ಟಿನಲ್ಲಿ ಆ ಅನಿಲ ಹಿಂಬದಿಯ ಕಿರಿದಾದ ತೂತಿನಿಂದ ನುಗ್ಗಿ ಹೊರಬರುತ್ತದೆ, ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ಕಾಗದದ ಕೊಳವೆ ಹೆಚ್ಚು ಒತ್ತಡ ತಾಳದೆ ಹರಿದುಹೋಗುತ್ತದೆ. ಆದ್ದರಿಂದ ಮದ್ದು ಕಡಿಮೆ, ತೂತು ದೊಡ್ಡದು, ಹಾರುವ ದೂರವೂ ಕಡಿಮೆ. ಬಡಿದು ಸುತ್ತಿ ಮಾಡಿದ ಮೆತು ಕಬ್ಬಿಣದ ಕೊಳವೆ ಅದಕ್ಕಿಂತ ಎಷ್ಟೋ ಹೆಚ್ಚು ಒತ್ತಡವನ್ನು ತಡೆಯುತ್ತದೆ. ಅದರಲ್ಲಿ ಮದ್ದನ್ನು ಗಟ್ಟಿಯಾಗಿ ಕುಟ್ಟಿ ತುಂಬಬಹುದು.

ಮೈಸೂರಿನ ಕೊಳವೆಗಳು ಸುಮಾರು 20 ಸೆಂಟಿಮೀಟರ್ ಉದ್ದ, ನಾಲ್ಕರಿಂದ ಏಳೂವರೆ ಸೆಂಟಿಮೀಟರ್ ದಪ್ಪ ಇರುತ್ತಿದ್ದವು. ಒಂದು ತುದಿ ಮುಚ್ಚಿದ್ದು, ಇನ್ನೊಂದರಲ್ಲಿ ಬೆಂಕಿ ಬರುವ ತೂತು. ಅದನ್ನು ಒಂದು ಬಿದಿರಿನ ಗಳಕ್ಕೆ, ಕೆಲವೊಮ್ಮೆ ನೇರವಾದ ಕತ್ತಿಗೆ, ಚರ್ಮದ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಲಂಡನ್ನಿನ ವುಲಿಚ್ ಸಂಗ್ರಹದಲ್ಲಿ ಎರಡೂ ಬಗೆಯವು ಇದ್ದವು. ಒಂದು ಪೌಂಡಿನಷ್ಟು, ಅಂದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ಮದ್ದು ತುಂಬಿದ ರಾಕೆಟ್ಟು ಹೆಚ್ಚುಕಡಿಮೆ ಸಾವಿರ ಗಜ ಹೋಗುತ್ತಿತ್ತು. ಆ ಕಾಲದ ಯುರೋಪಿನ ರಾಕೆಟ್ಟುಗಳು ಆ ದೂರದ ಹತ್ತಿರವೂ ಬರುತ್ತಿರಲಿಲ್ಲ.

ಇನ್ನು ಫಿರಂಗಿಯ ಮಾತು. ಆಗಿನ ಫಿರಂಗಿಯಿಂದ ಬರುತ್ತಿದ್ದ ಗುಂಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಗಟ್ಟಿ ಕಬ್ಬಿಣದ ಉಂಡೆ. ಇನ್ನೊಂದು ಷೆಲ್, ಅಂದರೆ ಒಳಗೆ ಮದ್ದು ತುಂಬಿ, ಬತ್ತಿ ಇಟ್ಟು, ಬಿದ್ದ ಮೇಲೋ ಬೀಳುವ ಮುಂಚೆಯೋ ಸಿಡಿಯುವ ಟೊಳ್ಳು ಗುಂಡು. ಎರಡಕ್ಕೂ ಒಂದು ಸಾಮಾನ್ಯ ಗುಣ ಇದೆ. ಅವುಗಳ ವೇಗವೆಲ್ಲ ನಳಿಗೆಯೊಳಗೇ ಬರುತ್ತದೆ. ಬಾಯಿ ದಾಟಿದ ಮೇಲೆ ವೇಗ ಇಳಿಯುವುದೇ ಹೊರತು ಏರುವುದಿಲ್ಲ. ಆ ಧಕ್ಕೆಯನ್ನು ತಾಳಲು ನಳಿಗೆ ಬಹಳ ಭಾರ ಇರಬೇಕು. ಸುಮಾರು 2.7 ಕಿಲೋ ತೂಕದ ಗುಂಡು ಹಾರಿಸುವ ಆರು ಪೌಂಡಿನ ಫಿರಂಗಿಯ ನಳಿಗೆಯೇ ಮುನ್ನೂರು ಕಿಲೋ ಆಸುಪಾಸು. ಮೇಲೆ ಗಾಡಿ, ಎತ್ತು ಅಥವಾ ಕುದುರೆ, ಮದ್ದಿನ ಬಂಡಿ, ಗೋಲಂದಾಜರು. ಅದರ ಗುಂಡು ಸಾವಿರ ಗಜ ದಾಟಿ ಹೋದರೂ, ನಿಂತ ಸಾಲಿಗೆ ಗುರಿಯಿಟ್ಟು ಹೊಡೆಯುವುದಕ್ಕೆ ಒಳ್ಳೆಯ ದೂರ ಆರುನೂರು, ಎಂಟುನೂರು ಗಜ.

ಹಾಗಾಗಿ ಲೆಕ್ಕ ಹೀಗಾಯಿತು: ಒಬ್ಬ ಆಳು ಹೆಗಲ ಮೇಲೆ ಹೊತ್ತು, ಗದ್ದೆಯ ಬದುವಿನ ಮೇಲೆ ನಡೆದು ಹೋಗಿ, ಕೈಬತ್ತಿಯಿಂದ ಹೊತ್ತಿಸುವ ವಸ್ತು ಒಂದು ಸಣ್ಣ ಫಿರಂಗಿಯಷ್ಟು ದೂರ ಹೋಗತೊಡಗಿತು. ರಾಕೆಟ್ಟಿಗೆ ನಳಿಗೆ ಬೇಡ, ಅದು ಹಿಂದಕ್ಕೆ ಒದೆಯುವುದಿಲ್ಲ. ಟಿಪ್ಪುವಿನ ಸೈನ್ಯದಲ್ಲಿ ಪ್ರತಿ ಕುಷೂನ್ ದಳಕ್ಕೆ ಸುಮಾರು 200 ರಾಕೆಟ್ ಆಳುಗಳಿದ್ದರು. ಕೊಳವೆಯ ದಪ್ಪ ಮತ್ತು ಶತ್ರುವಿನ ದೂರ ನೋಡಿ ಎಷ್ಟು ಓರೆಯಾಗಿ ಇಡಬೇಕು ಎಂಬುದನ್ನು ಅವರಿಗೆ ಕಲಿಸಿರುತ್ತಿದ್ದರು. ಸಾಲಾಗಿ ಹಲವು ರಾಕೆಟ್ಟುಗಳನ್ನು ಒಟ್ಟಿಗೆ ಹಾರಿಸುವ ಚಕ್ರದ ಗಾಡಿಗಳೂ ಇದ್ದವು.

ಆದರೆ ದೂರ ಹೋಗುವುದೇ ಬೇರೆ, ಗುರಿ ಮುಟ್ಟುವುದೇ ಬೇರೆ. ರಾಕೆಟ್ಟು ಹೊರಟಾಗ ನಿಧಾನ, ಹಾರುತ್ತಾ ವೇಗ ಪಡೆಯುತ್ತದೆ. ಆ ನಿಧಾನದ ಮೊದಲ ಕ್ಷಣಗಳಲ್ಲಿ ಸಣ್ಣ ಗಾಳಿಯೂ ಅದನ್ನು ತಿರುಗಿಸಬಲ್ಲದು. ಇಲ್ಲೊಂದು ತಮಾಷೆ ಇದೆ. ಎಡದಿಂದ ಗಾಳಿ ಬೀಸಿದರೆ ಫಿರಂಗಿಯ ಗುಂಡು ಬಲಕ್ಕೆ ಸರಿಯುತ್ತದೆ. ಉರಿಯುತ್ತಿರುವ ರಾಕೆಟ್ಟು ಎಡಕ್ಕೆ, ಗಾಳಿಗೆ ಎದುರಾಗಿ ಹೋಗುತ್ತದೆ. ಗಾಳಿ ಉದ್ದನೆಯ ಬಿದಿರಿನ ಬಾಲವನ್ನು ಬಲಕ್ಕೆ ತಳ್ಳುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ, ಮೂತಿ ತಿರುಗಿದ ಕಡೆಗೇ ಬೆಂಕಿ ಅದನ್ನು ನೂಕುತ್ತದೆ. ಫಿರಂಗಿಯಲ್ಲಿ ಪಳಗಿದ ಗೋಲಂದಾಜ ಇಲ್ಲಿ ಕಲಿತದ್ದನ್ನು ತಿರುವುಮುರುವು ಮಾಡಿಕೊಳ್ಳಬೇಕು.

ಇನ್ನೊಂದು ತೊಂದರೆ ಒಳಗಡೆಯದು. ಕುಟ್ಟಿ ತುಂಬಿದ ಮದ್ದು ಬಂಡಿಯ ಕುಲುಕಾಟಕ್ಕೋ ಬಿಸಿಲು ತೇವಗಳಿಗೋ ಬಿರುಕು ಬಿಟ್ಟರೆ, ಬೆಂಕಿ ಆ ಬಿರುಕಿನೊಳಗೂ ಹೊಕ್ಕು ಒಮ್ಮೆಲೇ ಹೆಚ್ಚು ಮದ್ದು ಉರಿಯುತ್ತದೆ. ಆಗ ಕಬ್ಬಿಣವೂ ತಡೆಯದೆ, ರಾಕೆಟ್ಟು ಹಾರಿಸುವವನ ಮುಂದೆಯೇ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಒಳಗಿನ ಬಿರುಕು ಕಾಣುವುದಿಲ್ಲ. ನಮ್ಮ ವೃತ್ತಿಯವರಿಗೆ ಇವತ್ತಿಗೂ ತಲೆನೋವಾದ ವಿಷಯ ಇದು.

ಪರಿಣಾಮವನ್ನು ನೋಡಲು ಒಂದು ರಾತ್ರಿ, ಅದರ ಮಾರನೆಯ ಬೆಳಗು ಸಾಕು. 1799ರ ಏಪ್ರಿಲ್ 5. ಶ್ರೀರಂಗಪಟ್ಟಣದ ಮುತ್ತಿಗೆ ಆಗತಾನೇ ಶುರುವಾಗಿತ್ತು. ಕೋಟೆಯ ಹೊರಗೆ ಸುಲ್ತಾನಪೇಟೆ ತೋಪು ಎಂಬ ದಟ್ಟ ತೋಪು, ಅದರ ತುಂಬ ಅಡ್ಡಾದಿಡ್ಡಿ ನೀರಿನ ಕಾಲುವೆಗಳು. ಅಲ್ಲಿಂದ ಮೈಸೂರಿನವರು ಬ್ರಿಟಿಷ್ ಪಾಳೆಯದ ಮೇಲೆ ರಾಕೆಟ್ ಬಿಡುತ್ತಿದ್ದರು. ಕತ್ತಲಾದ ಮೇಲೆ ಅದನ್ನು ಹಿಡಿಯಲು ಹೊರಟವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿದ ವೆಲಿಂಗ್ಟನ್. ತೋಪಿನೊಳಗೆ ಕಾಲಿಟ್ಟ ಅವನ ಸಿಪಾಯಿಗಳ ಮೇಲೆ ಎಲ್ಲ ದಿಕ್ಕಿನಿಂದ ರಾಕೆಟ್ಟು, ಜೊತೆಗೆ ಬಂದೂಕಿನ ಗುಂಡು. ಬೆಂಕಿಯ ಬೆಳಕಿಗೆ ಕಣ್ಣು ಕುಕ್ಕಿ, ಮರುಕ್ಷಣ ಮತ್ತೆ ಕತ್ತಲು. ಸಾಲುಗಳು ಚದುರಿದವು. ಹಲವರು ದಾರಿ ತಪ್ಪಿದರು, ಹನ್ನೆರಡು ಮಂದಿ ಸೆರೆಸಿಕ್ಕರು. ವೆಲ್ಲೆಸ್ಲಿಯ ಮೊಣಕಾಲಿಗೂ ಒಂದು ಗುಂಡು ತಾಗಿ, ಅವನು ಬರಿಗೈಯಲ್ಲಿ ಹಿಂದಿರುಗಿದ.

ಮಾರನೆಯ ಬೆಳಗ್ಗೆ ಅದೇ ವೆಲ್ಲೆಸ್ಲಿ ಹೆಚ್ಚು ಜನ, ಫಿರಂಗಿ ಸಮೇತ ಬಂದು ಅದೇ ತೋಪನ್ನು ಸುಲಭವಾಗಿ ವಶಪಡಿಸಿಕೊಂಡ. ರಾತ್ರಿ ಕಾಣದೆ ಇದ್ದದ್ದು ಹಗಲಿಗೆ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ. ಫಿರಂಗಿಯ ಗುಂಡು ಬಿದ್ದ ಕಡೆ ಬಿದ್ದು ನಾಲ್ಕಾರು ಜನರನ್ನು ಉರುಳಿಸುತ್ತದೆ. ರಾಕೆಟ್ಟು ಕಾಣುತ್ತಾ, ಕೂಗುತ್ತಾ, ನೆಲಕ್ಕೆ ಬಡಿದು ಪುಟಿದು, ಹಾವಿನ ಹಾಗೆ ಹೊರಳಿ ಬರುತ್ತದೆ. ಎಲ್ಲಿಗೆ ತಿರುಗುತ್ತದೋ ಬಿಟ್ಟವನಿಗೇ ಗೊತ್ತಿಲ್ಲದ ಮೇಲೆ ಎದುರಿನವನಿಗೆ ಹೇಗೆ ಗೊತ್ತಾಗಬೇಕು? ಕುದುರೆಗಳು, ಎತ್ತುಗಳು ಬೆದರುತ್ತವೆ, ಮದ್ದಿನ ಬಂಡಿಗೆ ಕಿಡಿ ಹತ್ತುವ ಭಯ ಬೇರೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಬೈಲಿಯ ಮದ್ದಿನ ಬಂಡಿಗಳು ಸಿಡಿದದ್ದನ್ನು ದರಿಯಾ ದೌಲತ್‌ನ ಗೋಡೆಯ ಮೇಲೆ ನೀವೆಲ್ಲ ನೋಡಿದ್ದೀರಿ. ಅದನ್ನು ಹೊತ್ತಿಸಿದ್ದು ರಾಕೆಟ್ಟೇ ಎಂದು ಗಟ್ಟಿಯಾಗಿ ಹೇಳುವವರು ಬಹಳ ಮಂದಿ. ಫಿರಂಗಿಯ ಗುಂಡು ಎನ್ನುವ ಇತಿಹಾಸಕಾರರೂ ಇದ್ದಾರೆ. ನಾನು ಅದನ್ನು ರಾಕೆಟ್ಟಿನ ಖಾತೆಗೆ ಬರೆಯಲು ಹಿಂಜರಿಯುತ್ತೇನೆ.

ಕೋಟೆಯ ಗೋಡೆಯ ವಿಷಯಕ್ಕೆ ಬಂದರೆ ರಾಕೆಟ್ಟು ಕೈಲಾಗದ್ದು. ಗೋಡೆ ಬೀಳಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಭಾರದ ಗುಂಡು ಬಡಿಯಬೇಕು. ಆ ಕೆಲಸ ಮಾಡಿದ್ದು ಬ್ರಿಟಿಷರ ದೊಡ್ಡ ಫಿರಂಗಿಗಳು. ಮೇ 2ರಂದು ಅವರ ಒಂದು ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೇ ಬಿದ್ದು ಭಾರಿ ಸ್ಫೋಟವಾಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಒಳಗೆ ಬಳಸಲು ಸಿದ್ಧವಾದ 700 ರಾಕೆಟ್ಟು, ಮದ್ದು ತುಂಬದ 9,000 ಕೊಳವೆ ಸಿಕ್ಕವು.

ಅಲ್ಲಿಂದ ಕೆಲವು ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ಕೆಲಸ ಶುರು ಮಾಡಿ, ಕೆಲವೇ ವರ್ಷಗಳಲ್ಲಿ ಸುಮಾರು 3,000 ಗಜ ಹೋಗುವ ಕಬ್ಬಿಣದ ಕೊಳವೆಯ ರಾಕೆಟ್ಟು ಮಾಡಿದ. ದೂರ ಮೂರು ಪಟ್ಟಾಯಿತು, ಚಂಚಲ ಸ್ವಭಾವ ಮಾತ್ರ ಹಾಗೇ ಉಳಿಯಿತು. ಇದಕ್ಕೆ ಸಾಕ್ಷಿ ನಾವಿರುವ ಈ ದೇಶದಲ್ಲೇ ಇದೆ. 1814ರ ಆಗಸ್ಟ್ 24ರಂದು ವಾಷಿಂಗ್ಟನ್ ಪಕ್ಕದ ಬ್ಲೇಡನ್ಸ್‌ಬರ್ಗ್‌ನಲ್ಲಿ, ತಲೆಯ ಮೇಲೆ ಹಾರಿದ ಕಾಂಗ್ರೀವ್ ರಾಕೆಟ್ಟುಗಳಿಗೆ ಬೆದರಿ ಅನುಭವವಿಲ್ಲದ ಅಮೆರಿಕನ್ ಮಿಲಿಷಿಯಾ ಕಾಲಿಗೆ ಬುದ್ಧಿ ಹೇಳಿತು. ಮೂರು ವಾರದ ಬಳಿಕ ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಅದೇ ರಾಕೆಟ್ಟು, ಜೊತೆಗೆ ಹಡಗಿನ ಮಾರ್ಟರುಗಳ ಷೆಲ್ಲು, ಸುಮಾರು 25 ಗಂಟೆ ಸುರಿದವು. ಕೋಟೆಯೊಳಗೆ ಸತ್ತವರು ನಾಲ್ವರು. ಗೋಡೆಯ ಹಿಂದೆ ಗಟ್ಟಿಯಾಗಿ ಕೂತವರ ಮುಂದೆ ರಾಕೆಟ್ಟು ಬರಿಯ ಬಾಣಬಿರುಸು. ಅದರ ಕೆಂಪು ಬೆಳಕು ಮಾತ್ರ ಅಮೆರಿಕದ ರಾಷ್ಟ್ರಗೀತೆಯಲ್ಲಿ ಸೇರಿಹೋಯಿತು. ನಮ್ಮ ಮಕ್ಕಳು ಆಟದ ಮೈದಾನದಲ್ಲಿ ಎದೆಗೆ ಕೈಯಿಟ್ಟು ಹಾಡುವಾಗ ಅದರ ಬೇರು ಕಾವೇರಿಯ ದ್ವೀಪದಲ್ಲಿದೆ ಎಂದು ಅವರಿಗೆ ಹೇಳಬಹುದು.

ಬಿದಿರಿನ ಬಾಲದ ಕಾಟ ತಪ್ಪಿದ್ದು 1844ರಲ್ಲಿ. ವಿಲಿಯಂ ಹೇಲ್ ಎಂಬ ಇಂಗ್ಲಿಷ್ ಎಂಜಿನಿಯರು ಬೆಂಕಿಯ ಅನಿಲದಿಂದಲೇ ರಾಕೆಟ್ಟನ್ನು ಬುಗುರಿಯಂತೆ ತಿರುಗಿಸಿ, ಕೋಲಿಲ್ಲದೆ ನೇರ ಹಾರಿಸಿದ. ಆದರೆ ಮುಂದೆ ಒಳಗೆ ತಿರುಪು ಕೊರೆದ ನಳಿಗೆಯ ಹೊಸ ಫಿರಂಗಿಗಳು ಬಂದವು. ಅವು ದೂರದಲ್ಲೂ ಗುರಿಯಲ್ಲೂ ರಾಕೆಟ್ಟನ್ನು ಹಿಂದೆ ಹಾಕಿದವು.

ಊರಿಗೆ ಹೋದಾಗ ಶಿವಮೊಗ್ಗದ ಕಡೆ ಹೋಗುವವರಿದ್ದರೆ ಒಂದು ಮಾತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಬತ್ತಿದ ಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ಪುರಾತತ್ವ ಇಲಾಖೆಯವರು ತೆಗೆದರು. ಅಗೆಯುವಾಗ ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಹತ್ತಿರ ನಿಂತು ತೂತಿನ ಕಡೆಯ ತುದಿಯನ್ನು ಗಮನಿಸಿ. ಮೂತಿಗಿಂತ ನನಗೆ ಕುತೂಹಲ ಇರುವುದು ಆ ತುದಿಯಲ್ಲೇ.