ಟ್ರ್ಯಾಕ್ಟರ್ ಸವಕಳಿ: ವರ್ಷವರ್ಷದ ಬೆಲೆ ಇಳಿಕೆಯನ್ನು ಲೆಕ್ಕ ಹಾಕುವ ವಿಧಾನ

ಟ್ರ್ಯಾಕ್ಟರ್ ಖರೀದಿಸುವಾಗ ರೈತರು ಬೆಲೆ, ಬಡ್ಡಿ ಮತ್ತು ಕಂತುಗಳನ್ನು ಚೆನ್ನಾಗಿ ವಿಚಾರಿಸುತ್ತಾರೆ. ಐದು ವರ್ಷಗಳ ನಂತರ ಅದೇ ಯಂತ್ರಕ್ಕೆ ಎಷ್ಟು ಬೆಲೆ ಉಳಿದಿರುತ್ತದೆ ಎಂಬ ಪ್ರಶ್ನೆ ಬಹುತೇಕ ಮಾರುವ ದಿನವೇ ಏಳುತ್ತದೆ. ಅಷ್ಟರಲ್ಲಿ ದಲ್ಲಾಳಿ ಹೇಳಿದ್ದೇ ಬೆಲೆಯಾಗಿರುತ್ತದೆ. ಈ ಲೆಕ್ಕವನ್ನು ಖರೀದಿಯ ದಿನವೇ ಮಾಡಿಟ್ಟುಕೊಳ್ಳಬಹುದು. ಅದಕ್ಕೆ ಗುಣಾಕಾರ ಬಂದರೆ ಸಾಕು.

ಬಳಕೆ ಮತ್ತು ವಯಸ್ಸಿನಿಂದ ಯಂತ್ರದ ಬೆಲೆ ಕಡಿಮೆಯಾಗುವುದಕ್ಕೆ ಸವಕಳಿ ಎನ್ನುತ್ತಾರೆ. ಸವಕಳಿಯನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುವುದು ರೂಢಿ. ಮೊದಲನೆಯದರಲ್ಲಿ ಪ್ರತಿ ವರ್ಷ ಒಂದೇ ಮೊತ್ತವನ್ನು ಕಳೆಯಲಾಗುತ್ತದೆ. ಎರಡನೆಯದರಲ್ಲಿ ಪ್ರತಿ ವರ್ಷ ಒಂದೇ ಶೇಕಡಾವಾರು ಪ್ರಮಾಣವನ್ನು, ಅದೂ ಆ ವರ್ಷದ ಆರಂಭದಲ್ಲಿ ಉಳಿದಿರುವ ಬೆಲೆಯ ಮೇಲೆ, ಕಳೆಯಲಾಗುತ್ತದೆ. ಮಾರುಕಟ್ಟೆಯಲ್ಲಿ ಹಳೆಯ ಟ್ರ್ಯಾಕ್ಟರ್ ಬೆಲೆ ಇಳಿಯುವ ರೀತಿಗೆ ಎರಡನೆಯ ವಿಧಾನವೇ ಹೆಚ್ಚು ಹತ್ತಿರ. ಹೊಸ ಯಂತ್ರದ ಬೆಲೆ ಮೊದಲ ವರ್ಷಗಳಲ್ಲಿ ಬೇಗನೆ ಕುಸಿದು, ಹಳೆಯದಾದಂತೆ ನಿಧಾನವಾಗಿ ಇಳಿಯುತ್ತದೆ.

ಉದಾಹರಣೆಗೆ 8,00,000 ರೂಪಾಯಿಯ ಟ್ರ್ಯಾಕ್ಟರ್ ಬೆಲೆ ವರ್ಷಕ್ಕೆ ಶೇ. 15ರಂತೆ ಇಳಿಯುತ್ತದೆ ಎಂದು ಭಾವಿಸೋಣ. ಶೇ. 15 ಹೋದರೆ ಶೇ. 85 ಉಳಿಯುತ್ತದೆ. ಆದ್ದರಿಂದ ಪ್ರತಿ ವರ್ಷ ಉಳಿದ ಬೆಲೆಯನ್ನು 0.85ರಿಂದ ಗುಣಿಸಿದರಾಯಿತು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 800000 ಒತ್ತಿ, ಎಷ್ಟು ವರ್ಷವೋ ಅಷ್ಟು ಬಾರಿ 0.85ರಿಂದ ಗುಣಿಸುತ್ತಾ ಹೋಗಿ. ಸೂತ್ರವಾಗಿ ಬರೆದರೆ ಹೀಗಿದೆ:

```
V = P × (1 − r/100)^n
```

ಇಲ್ಲಿ P ಖರೀದಿ ಬೆಲೆ, r ವಾರ್ಷಿಕ ಇಳಿಕೆಯ ಶೇಕಡಾ ದರ, n ವರ್ಷಗಳ ಸಂಖ್ಯೆ, V ಉಳಿದ ಬೆಲೆ. ನಮ್ಮ ಉದಾಹರಣೆಯ ಫಲಿತಾಂಶ ಕೆಳಗಿನಂತಿದೆ.

| ವರ್ಷದ ಕೊನೆಗೆ | ಆ ವರ್ಷದ ಇಳಿಕೆ (ರೂ.) | ಉಳಿದ ಬೆಲೆ (ರೂ.) |
|---|---|---|
| 1 | 1,20,000 | 6,80,000 |
| 2 | 1,02,000 | 5,78,000 |
| 3 | 86,700 | 4,91,300 |
| 4 | 73,695 | 4,17,605 |
| 5 | 62,641 | 3,54,964 |
| 6 | 53,244 | 3,01,720 |
| 8 | 38,470 | 2,17,992 |
| 10 | 27,794 | 1,57,500 |

ಮೊದಲ ವರ್ಷದಲ್ಲಿ 1,20,000 ರೂಪಾಯಿ ಕರಗಿದರೆ ಹತ್ತನೆಯ ವರ್ಷದಲ್ಲಿ ಕರಗುವುದು ಸುಮಾರು 28,000 ರೂಪಾಯಿ ಮಾತ್ರ. ಶೇಕಡಾ ದರ ಬದಲಾಗಿಲ್ಲ, ದರ ಅನ್ವಯವಾಗುವ ಮೊತ್ತ ಚಿಕ್ಕದಾಗಿದೆ. ನಾಲ್ಕು ವರ್ಷ ದಾಟಿದ ಕೂಡಲೇ ಬೆಲೆ ಅರ್ಧಕ್ಕೆ ಬರುತ್ತದೆ ಎಂಬುದನ್ನೂ ಗಮನಿಸಿ.

ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ವರ್ಷಕ್ಕೆ ಶೇ. 15 ಎಂದರೆ ಐದು ವರ್ಷಕ್ಕೆ ಶೇ. 75 ಎಂದು ಬಾಯಿಲೆಕ್ಕ ಹಾಕಿ, 8 ಲಕ್ಷದ ಟ್ರ್ಯಾಕ್ಟರಿಗೆ 2 ಲಕ್ಷ ಉಳಿಯಿತು ಎನ್ನುತ್ತಾರೆ. ಸರಿಯಾದ ಉತ್ತರ 3,54,964 ರೂಪಾಯಿ. ವ್ಯತ್ಯಾಸ ಒಂದೂವರೆ ಲಕ್ಷಕ್ಕೂ ಹೆಚ್ಚು. ಕೊಳ್ಳುವವರು ಈ ಬಾಯಿಲೆಕ್ಕವನ್ನು ಮುಂದಿಟ್ಟರೆ ಒಂದು ಮಾತು ಕೇಳಿ: ಹಾಗಾದರೆ ಏಳು ವರ್ಷಕ್ಕೆ ಶೇ. 105 ಇಳಿಯಬೇಕಲ್ಲ, ಅಂದರೆ ಟ್ರ್ಯಾಕ್ಟರ್ ಜೊತೆಗೆ ನಾವೇ 40,000 ರೂಪಾಯಿ ಕೊಡಬೇಕೇ? ಏಳು ವರ್ಷದ ಟ್ರ್ಯಾಕ್ಟರ್ ಹೊಲದಲ್ಲಿ ದುಡಿಯುತ್ತಲೇ ಇರುತ್ತದೆ. ಹಾಗಾಗಿ ಆ ಲೆಕ್ಕ ತಪ್ಪೆಂಬುದು ಅಲ್ಲಿಯೇ ತಿಳಿಯುತ್ತದೆ.

ನಿಮ್ಮ ಊರಿನ ದರ ಕಂಡುಕೊಳ್ಳುವುದು

ಶೇ. 15 ಎಂಬುದು ಉದಾಹರಣೆಗೆ ತೆಗೆದುಕೊಂಡ ದರ. ನಿಜವಾದ ದರ ಕಂಪನಿ, ಅಶ್ವಶಕ್ತಿ, ಬಿಡಿಭಾಗಗಳ ಲಭ್ಯತೆ, ಆ ಭಾಗದ ಬೇಡಿಕೆ ಇವನ್ನು ಅವಲಂಬಿಸಿ ಬದಲಾಗುತ್ತದೆ. ಅದನ್ನು ಊರಿನ ಮಾರಾಟಗಳಿಂದಲೇ ತಿಳಿಯಬಹುದು. ನಿಮ್ಮದೇ ಮಾದರಿಯ, ಸರಿಯಾಗಿ ನಾಲ್ಕು ವರ್ಷ ಹಳೆಯದಾದ ಟ್ರ್ಯಾಕ್ಟರ್ ಮಾರಾಟವಾಗಿದ್ದರೆ ಲೆಕ್ಕ ಬಹಳ ಸುಲಭ. ಮಾರಿದ ಬೆಲೆಯನ್ನು ಕೊಂಡ ಬೆಲೆಯಿಂದ ಭಾಗಿಸಿ, ಬಂದ ಸಂಖ್ಯೆಗೆ ಕ್ಯಾಲ್ಕುಲೇಟರಿನ ವರ್ಗಮೂಲದ ಗುಂಡಿಯನ್ನು ಎರಡು ಬಾರಿ ಒತ್ತಿ. ಎಂಟು ವರ್ಷದ್ದಾದರೆ ಮೂರು ಬಾರಿ.

7,00,000 ರೂಪಾಯಿಗೆ ಕೊಂಡದ್ದು ನಾಲ್ಕು ವರ್ಷದ ನಂತರ 4,00,000 ರೂಪಾಯಿಗೆ ಹೋಯಿತು ಎನ್ನೋಣ. ಭಾಗಿಸಿದರೆ 0.5714. ಒಮ್ಮೆ ವರ್ಗಮೂಲ ತೆಗೆದರೆ 0.7559, ಮತ್ತೊಮ್ಮೆ ತೆಗೆದರೆ 0.8694. ಅಂದರೆ ಪ್ರತಿ ವರ್ಷ ಶೇ. 87ರಷ್ಟು ಉಳಿದಿದೆ, ಇಳಿಕೆಯ ದರ ಸುಮಾರು ಶೇ. 13. ಇನ್ನು ನಾಲ್ಕು ವರ್ಷ ಇಟ್ಟುಕೊಂಡಿದ್ದರೆ ಬೆಲೆ ಮತ್ತೆ ಅದೇ ಅನುಪಾತದಲ್ಲಿ ಇಳಿಯುತ್ತಿತ್ತು: 4,00,000 × 0.5714, ಅಂದರೆ ಸುಮಾರು 2,28,600 ರೂಪಾಯಿ. ಒಂದೇ ಮಾರಾಟವನ್ನು ನಂಬಬೇಡಿ. ತುರ್ತಿಗೆ ಮಾರಿದವರ ಬೆಲೆ ಯಾವಾಗಲೂ ಕಡಿಮೆ ಇರುತ್ತದೆ. ಮೂರು ನಾಲ್ಕು ಮಾರಾಟಗಳ ದರ ತೆಗೆದು ನಡುವಿನದನ್ನು ಹಿಡಿಯುವುದು ಒಳ್ಳೆಯದು. ಸಹಾಯಧನದಲ್ಲಿ ಕೊಂಡ ಯಂತ್ರವಾಗಿದ್ದರೆ ಪೂರ್ಣ ಬೆಲೆಯಿಂದಲೇ ಲೆಕ್ಕ ಆರಂಭಿಸಿ, ಏಕೆಂದರೆ ಕೊಳ್ಳುವವನು ನೋಡುವುದು ಯಂತ್ರವನ್ನು, ನಿಮಗೆ ಬಂದ ಸಹಾಯಧನವನ್ನಲ್ಲ. ಅಂತಹ ಯಂತ್ರ ಮಾರುವ ಮುನ್ನ ಮಂಜೂರಾತಿ ಪತ್ರದ ಷರತ್ತುಗಳನ್ನು ಓದಿಕೊಳ್ಳಿ.

ಸಾಲದ ಬಾಕಿಯ ಜೊತೆ ಹೋಲಿಕೆ

ಈ ಲೆಕ್ಕದಿಂದ ರೈತರಿಗೆ ಆಗುವ ದೊಡ್ಡ ಪ್ರಯೋಜನ ಸಾಲದ ವಿಷಯದಲ್ಲಿದೆ. ಮೇಲಿನ 8 ಲಕ್ಷದ ಟ್ರ್ಯಾಕ್ಟರಿಗೆ 1,20,000 ರೂಪಾಯಿ ಸ್ವಂತ ಹಣ ಹಾಕಿ, 6,80,000 ರೂಪಾಯಿ ಸಾಲ ಪಡೆದಿದ್ದೀರಿ. ಎಂಟು ವರ್ಷದ ಅವಧಿ, ವರ್ಷಕ್ಕೆ 85,000 ರೂಪಾಯಿ ಅಸಲು ಮತ್ತು ಅದರ ಜೊತೆ ಬಡ್ಡಿ. ಕಂತು ತಪ್ಪದೆ ಕಟ್ಟಿದರೆ ಒಂದನೆಯ ವರ್ಷದ ಕೊನೆಗೆ ಬಾಕಿ 5,95,000, ಟ್ರ್ಯಾಕ್ಟರ್ ಬೆಲೆ 6,80,000. ಮೂರನೆಯ ವರ್ಷದ ಕೊನೆಗೆ ಬಾಕಿ 4,25,000, ಬೆಲೆ 4,91,300. ಯಾವ ವರ್ಷ ಮಾರಿದರೂ ಸಾಲ ತೀರಿ ಸ್ವಲ್ಪ ಹಣ ಕೈಗೆ ಉಳಿಯುತ್ತದೆ.

ಈಗ ಮೊದಲ ಕಂತು ಕಟ್ಟಿದ ಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು, ಅಸಲೂ ಬಡ್ಡಿಯೂ ಕಟ್ಟಲಾಗಲಿಲ್ಲ ಎಂದುಕೊಳ್ಳಿ. ಬಡ್ಡಿ ಶೇ. 11, ಚಕ್ರಬಡ್ಡಿಯನ್ನೂ ದಂಡವನ್ನೂ ಬದಿಗಿಟ್ಟು ಸರಳವಾಗಿ ಹಿಡಿದರೂ ವರ್ಷಕ್ಕೆ 65,450 ರೂಪಾಯಿ ಸೇರುತ್ತದೆ. ಎರಡನೆಯ ವರ್ಷದ ಕೊನೆಗೆ ಬಾಕಿ 6,60,450 ಆಗಿದ್ದರೆ ಟ್ರ್ಯಾಕ್ಟರ್ ಬೆಲೆ 5,78,000. ಮಾರಿದರೂ 82,450 ರೂಪಾಯಿ ಸಾಲ ಉಳಿಯುತ್ತದೆ. ಮೂರನೆಯ ವರ್ಷದ ಕೊನೆಗೆ ಬಾಕಿ 7,25,900, ಬೆಲೆ 4,91,300, ಕೊರತೆ 2,34,600. ಒಂದೇ ವರ್ಷ ತಡ ಮಾಡಿದ್ದಕ್ಕೆ ಕೊರತೆ ಒಂದೂವರೆ ಲಕ್ಷ ಹೆಚ್ಚಿತು. ಬಾಕಿ ಮೇಲೇರುತ್ತಿರುವಾಗ ಬೆಲೆ ಕೆಳಗಿಳಿಯುತ್ತಿರುತ್ತದೆ. ಎರಡೂ ಒಟ್ಟಿಗೆ ನಮ್ಮ ವಿರುದ್ಧವೇ ಚಲಿಸುವುದರಿಂದ ಅಂತರ ಇಷ್ಟು ವೇಗವಾಗಿ ಬೆಳೆಯುತ್ತದೆ.

ಟ್ರ್ಯಾಕ್ಟರಿನಿಂದ ಬರುವ ಬಾಡಿಗೆ ವರ್ಷಕ್ಕೆ ಎಷ್ಟು ಎಂಬುದನ್ನು ಈ ಒಂದೂವರೆ ಲಕ್ಷದೊಡನೆ ಹೋಲಿಸಿ. ಡೀಸೆಲ್, ಚಾಲಕನ ಕೂಲಿ, ದುರಸ್ತಿ ಕಳೆದು ಅಷ್ಟು ಉಳಿಯುವಂತಿದ್ದರೆ ಇಟ್ಟುಕೊಂಡು ಬ್ಯಾಂಕಿನಲ್ಲಿ ಕಂತು ಮುಂದೂಡಲು ಕೇಳುವುದರಲ್ಲಿ ಅರ್ಥವಿದೆ. ಉಳಿಯದಿದ್ದರೆ ಮಾರುವ ತೀರ್ಮಾನ ಮೊದಲ ಕಂತು ತಪ್ಪುವ ಸೂಚನೆ ಕಂಡಾಗಲೇ ಆಗಬೇಕು. ಮಾರುವಾಗ ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಅಡಮಾನ ನಮೂದು ಇರುವುದರಿಂದ, ಬ್ಯಾಂಕಿಗೆ ತಿಳಿಸದೆ ಬರೀ ಮುಂಗಡ ಪಡೆದು ವಾಹನ ಹಸ್ತಾಂತರಿಸಬಾರದು. ಬಾಕಿ ತೀರಿಸಿ, ನಿರಾಕ್ಷೇಪಣಾ ಪತ್ರ ಪಡೆದ ನಂತರವೇ ಹೆಸರು ವರ್ಗಾವಣೆಯಾಗುತ್ತದೆ.

ವಿಮೆಯ ಪಟ್ಟಿ ಬೇರೆ

ವಿಮಾ ಪತ್ರದಲ್ಲಿ ಐ.ಡಿ.ವಿ. ಎಂದು ನಮೂದಾಗಿರುವ ಮೌಲ್ಯವನ್ನು ಇದೇ ಲೆಕ್ಕದಿಂದ ಪರೀಕ್ಷಿಸಲು ಹೋದರೆ ಗೊಂದಲವಾಗುತ್ತದೆ. ಭಾರತದ ಮೋಟಾರು ವಿಮೆಯ ಪಟ್ಟಿಯಲ್ಲಿ ಕಡಿತ ಹೀಗಿದೆ: ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡರವರೆಗೆ ಶೇ. 20, ಮೂರರವರೆಗೆ ಶೇ. 30, ನಾಲ್ಕರವರೆಗೆ ಶೇ. 40, ಐದರವರೆಗೆ ಶೇ. 50. ಐದು ವರ್ಷ ದಾಟಿದ ವಾಹನಕ್ಕೆ ಮೌಲ್ಯವನ್ನು ವಿಮಾ ಕಂಪನಿಯೂ ಮಾಲೀಕರೂ ಒಪ್ಪಂದದಿಂದ ನಿರ್ಧರಿಸುತ್ತಾರೆ. ಈ ಶೇಕಡಾ ಪ್ರಮಾಣಗಳು ತಯಾರಕರ ಪಟ್ಟಿ ಬೆಲೆಯ ಮೇಲೆ ನೇರವಾಗಿ ಅನ್ವಯವಾಗುತ್ತವೆ, ಹಿಂದಿನ ವರ್ಷದ ಉಳಿಕೆಯ ಮೇಲಲ್ಲ. ನವೀಕರಣದ ಸಮಯದಲ್ಲಿ ಕಂತು ಉಳಿಸಲೆಂದು ಮೌಲ್ಯವನ್ನು ಇನ್ನೂ ಕೆಳಗಿಳಿಸಿದರೆ, ಟ್ರ್ಯಾಕ್ಟರ್ ಕಳುವಾದಾಗ ಆ ಕಡಿಮೆ ಮೊತ್ತವೇ ಪರಿಹಾರದ ಮಿತಿಯಾಗುತ್ತದೆ.

ಲೆಕ್ಕ ಎಲ್ಲಿ ಹೊಂದುವುದಿಲ್ಲ

ಸ್ಥಿರ ಶೇಕಡಾ ಲೆಕ್ಕದಲ್ಲಿ ಬೆಲೆ ಎಂದೂ ಸೊನ್ನೆಯಾಗುವುದಿಲ್ಲ. ವಾಸ್ತವದಲ್ಲಿಯೂ ಹಳೆಯ ಟ್ರ್ಯಾಕ್ಟರಿಗೆ ಗುಜರಿ ಬೆಲೆಯಾದರೂ ಇದ್ದೇ ಇರುತ್ತದೆ. ಆದರೆ ಲೆಕ್ಕದ ಉತ್ತರ ಗುಜರಿ ಬೆಲೆಗಿಂತ ಕೆಳಗೆ ಹೋದರೆ ಗುಜರಿ ಬೆಲೆಯನ್ನೇ ಹಿಡಿಯಬೇಕು. ಮೊದಲ ವರ್ಷದ ಕುಸಿತವೂ ನಮ್ಮ ದರಕ್ಕಿಂತ ಹೆಚ್ಚಿರಬಹುದು, ಷೋರೂಮಿನಿಂದ ಹೊರಬಂದ ಕೂಡಲೇ ಯಂತ್ರ ‘ಸೆಕೆಂಡ್ ಹ್ಯಾಂಡ್’ ಆಗುತ್ತದೆ.

ಇನ್ನೊಂದು ಮಿತಿ ಬಳಕೆಯದು. ಸೂತ್ರಕ್ಕೆ ವಯಸ್ಸು ಮಾತ್ರ ಗೊತ್ತು. ವರ್ಷಕ್ಕೆ 400 ಗಂಟೆ ಸ್ವಂತ ಹೊಲದಲ್ಲಿ ಓಡಿದ ಯಂತ್ರಕ್ಕೂ, 1,200 ಗಂಟೆ ಬಾಡಿಗೆಗೆ ಓಡಿ ಕೆಸರುಗದ್ದೆಯಲ್ಲಿ ಕೇಜ್ ವೀಲ್ ಕಟ್ಟಿಸಿಕೊಂಡ ಯಂತ್ರಕ್ಕೂ ಒಂದೇ ಉತ್ತರ ಕೊಡುತ್ತದೆ. ಕೊಳ್ಳುವವರು ಮೊದಲು ನೋಡುವುದು ಗಂಟೆಮಾಪಕವನ್ನು. ಮಾಪಕ ಕಡಿಮೆ ತೋರಿಸಿದರೂ ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದರೆ, ಹಿಂದಿನ ಟೈರುಗಳು ಬದಲಾಗಿದ್ದರೆ, ಮಾಪಕವನ್ನು ಅನುಮಾನಿಸಿ. ರೋಟವೇಟರ್, ಟ್ರೈಲರ್ ಮುಂತಾದ ಉಪಕರಣಗಳು ಟ್ರ್ಯಾಕ್ಟರಿನ ದರದಲ್ಲಿ ಇಳಿಯುವುದಿಲ್ಲ. ಅವುಗಳನ್ನು ಒಟ್ಟು ಬೆಲೆಗೆ ಸೇರಿಸದೆ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು.

ಬಾಡಿಗೆ ದರ ನಿಗದಿಪಡಿಸುವಾಗ ಮಾತ್ರ ಈ ವಿಧಾನವನ್ನು ವರ್ಷವರ್ಷಕ್ಕೆ ಬಳಸಬೇಡಿ. ವರ್ಷಕ್ಕೆ 600 ಗಂಟೆ ಓಡಿದರೆ ಮೊದಲ ವರ್ಷ ಗಂಟೆಗೆ 200 ರೂಪಾಯಿ ಸವಕಳಿ ಬರುತ್ತದೆ, ಆರನೆಯ ವರ್ಷ 89 ರೂಪಾಯಿ. ಗಿರಾಕಿಯಿಂದ ಹಾಗೆ ಬೇರೆ ಬೇರೆ ದರ ಪಡೆಯಲಾಗದು. ಹತ್ತು ವರ್ಷದ ಒಟ್ಟು ಇಳಿಕೆ 6,42,500 ರೂಪಾಯಿಯನ್ನು 6,000 ಗಂಟೆಗೆ ಹಂಚಿ, ಗಂಟೆಗೆ 107 ರೂಪಾಯಿಯನ್ನು ಡೀಸೆಲ್, ಕೂಲಿ, ದುರಸ್ತಿ ಮತ್ತು ಬಡ್ಡಿಯ ಜೊತೆ ಸೇರಿಸಿ. ಹಳೆಯ ಯಂತ್ರದ ಸವಕಳಿ ಕಡಿಮೆಯೆಂದು ದರ ಇಳಿಸಿದರೆ, ಅದೇ ವೇಳೆಗೆ ಏರುವ ದುರಸ್ತಿ ವೆಚ್ಚಕ್ಕೆ ಹಣ ಉಳಿಯುವುದಿಲ್ಲ.